ಬೀಳಬೇಕಿದ್ದ ಕರೆನ್ಸಿ ಏಕೆ ಬೀಳಲಿಲ್ಲ?

ಭಾನುವಾರ ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ನ್ಯೂಜೆರ್ಸಿಯಿಂದ ಅಣ್ಣನ ಮಗನ ಫೋನು ಬಂತು. ಅಲ್ಲಿ ಬೆಳಗ್ಗೆ. ಮನೆಯವರ ಆರೋಗ್ಯ, ಅಡಿಕೆ ರೇಟು, ಮಳೆ ಎಲ್ಲ ವಿಚಾರಿಸಿಕೊಂಡ ಮೇಲೆ ವಿಷಯಕ್ಕೆ ಬಂದ.

"ಚಿಕ್ಕಪ್ಪ, ಹತ್ತು ಸಾವಿರ ಡಾಲರ್ ಸುಮ್ನೆ ಬಿದ್ದಿದೆ. ಇಲ್ಲಿ ಬ್ಯಾಂಕಲ್ಲಿಟ್ರೆ ವರ್ಷಕ್ಕೆ ನಾಲ್ಕು ಪರ್ಸೆಂಟು. ಅಲ್ಲಿ ಎನ್‌ಆರ್‌ಇ ಡೆಪಾಸಿಟ್ಟಿಗೆ ಏಳು ಕೊಡ್ತಾರಂತಲ್ಲ. ಮೂರು ಪರ್ಸೆಂಟು ಬಿಟ್ಟಿ ಸಿಗ್ತಿದೆ, ಕಳಿಸಿಬಿಡ್ಲಾ?"

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ಎದ್ದವನು ನಾನು. ಆ 'ಬಿಟ್ಟಿ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮೈ ಸ್ವಲ್ಪ ಬಿಗಿಯಾಗುತ್ತದೆ. "ಬಿಟ್ಟಿ ಅಲ್ಲ ಮಾರಾಯ, ಪೆನ್ನು ತಗೋ" ಎಂದೆ.

ಆಗ ಡಾಲರ್ 85 ರೂಪಾಯಿಯ ಆಸುಪಾಸಿನಲ್ಲಿತ್ತು. ಹತ್ತು ಸಾವಿರ ಡಾಲರ್ ಇಲ್ಲಿಗೆ ಬಂದರೆ 8,50,000 ರೂಪಾಯಿ. ಶೇ 7ರಂತೆ ವರ್ಷದ ಕೊನೆಗೆ ಅದು 9,09,500 ಆಗುತ್ತದೆ. ಅಲ್ಲೇ ಇಟ್ಟಿದ್ದರೆ ಶೇ 4ರಂತೆ 10,400 ಡಾಲರ್. ಎರಡೂ ಸಮ ಆಗಬೇಕಾದರೆ ವರ್ಷದ ನಂತರ ಡಾಲರಿನ ಬೆಲೆ ಎಷ್ಟಿರಬೇಕು? 9,09,500ನ್ನು 10,400ರಿಂದ ಭಾಗಿಸಿದರೆ 87 ರೂಪಾಯಿ 45 ಪೈಸೆ. ಅಂದರೆ ವರ್ಷದೊಳಗೆ ಡಾಲರ್ ಎರಡೂವರೆ ರೂಪಾಯಿಯಷ್ಟು ಏರಿದರೆ ಅವನ ಮೂರು ಪರ್ಸೆಂಟು ಅಲ್ಲಿಗಲ್ಲಿಗೆ ಸರಿ. ಅದಕ್ಕಿಂತ ಹೆಚ್ಚು ಏರಿದರೆ ಕಳಿಸಿದ್ದೇ ನಷ್ಟ. ಏರದೆ ಇದ್ದರೆ ಲಾಭ. (ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ ನಿಜ, ಆದರೆ ಅಮೆರಿಕದಲ್ಲಿ ನೆಲೆಸಿದವನು ಅಲ್ಲಿ ಕಟ್ಟಬೇಕು. ಇದನ್ನು ಮರೆಯುವವರೇ ಹೆಚ್ಚು.)

ಇಷ್ಟು ಕೇಳಿ ಅವನು ಸರಿಯಾದ ಪ್ರಶ್ನೆಯನ್ನೇ ಕೇಳಿದ. "ಏರುತ್ತೋ ಇಲ್ವೋ?"

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ನೇರ ಉತ್ತರ ಇದೆ. ಸರಾಸರಿಯಲ್ಲಿ ಡಾಲರ್ 87.45ಕ್ಕೇ ಹೋಗಿ ನಿಲ್ಲಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಈ ತತ್ವಕ್ಕೆ ಅನ್‌ಕವರ್ಡ್ ಇಂಟರೆಸ್ಟ್ ಪ್ಯಾರಿಟಿ ಎಂದು ಹೆಸರು. ಅದರ ತರ್ಕ ಸಂತೆಯ ತರ್ಕವೇ. ರೂಪಾಯಿಗೆ ಬಡ್ಡಿ ಹೆಚ್ಚು, ಬೆಲೆಯೂ ಬೀಳುವುದಿಲ್ಲ ಎಂದಾದರೆ ಲೋಕದ ದುಡ್ಡೆಲ್ಲ ಇಲ್ಲಿಗೆ ಹರಿದು ಬರುತ್ತದೆ. ಹಾಗೆ ಬಂದಾಗ ರೂಪಾಯಿ ಈಗಲೇ ದುಬಾರಿಯಾಗುತ್ತದೆ. ಇನ್ನು ಮುಂದೆ ಅದು ಇಳಿಯುವುದಷ್ಟೇ ಬಾಕಿ ಎನ್ನುವ ಮಟ್ಟಕ್ಕೆ ಏರುತ್ತದೆ. ಕೊನೆಗೆ ಬಡ್ಡಿಯಲ್ಲಿ ಸಿಕ್ಕಿದ್ದು ವಿನಿಮಯದಲ್ಲಿ ಹೋಗಬೇಕು. ಬಡ್ಡಿ ಹೆಚ್ಚು ಕೊಡುವ ಕರೆನ್ಸಿ, ಆ ಹೆಚ್ಚಿನಷ್ಟೇ ಸವೆಯಬೇಕು.

ಅನ್‌ಕವರ್ಡ್ ಎಂಬ ಪದ ಇಲ್ಲಿ ಮುಖ್ಯ. ನಾನು ಹೊಸ ಹುಡುಗರಿಗೆ ಇದನ್ನು ಕೊಡೆಯ ಲೆಕ್ಕದಲ್ಲಿ ಹೇಳಿಕೊಡುತ್ತಿದ್ದೆ. ನನ್ನ ಅಣ್ಣನ ಮಗ ದುಡ್ಡು ಕಳಿಸುವ ದಿನವೇ ಬ್ಯಾಂಕಿನ ಜೊತೆ, ವರ್ಷದ ನಂತರ ಇಂತಿಷ್ಟು ರೇಟಿಗೆ ಡಾಲರ್ ವಾಪಸ್ ಕೊಡಿ ಎಂದು ಫಾರ್ವರ್ಡ್ ಒಪ್ಪಂದ ಮಾಡಿಕೊಂಡರೆ ಅವನು ಕೊಡೆ ಹಿಡಿದು ಹೊರಟಂತೆ. ಮಳೆ ಬಂದರೂ ಬಿಸಿಲಾದರೂ ಅವನಿಗೆ ಒಂದೇ. ಆದರೆ ಬ್ಯಾಂಕು ಆ ಕೊಡೆಯನ್ನು 85ಕ್ಕೆ ಕೊಡುವುದಿಲ್ಲ. ಬಡ್ಡಿಯ ಅಂತರವನ್ನು ಪೂರ್ತಿ ಸೇರಿಸಿ, ಹೆಚ್ಚುಕಡಿಮೆ 87.45ರ ಹತ್ತಿರದ ರೇಟನ್ನೇ ಹೇಳುತ್ತದೆ. ಲಾಭವೆಲ್ಲ ಕೊಡೆಯ ಬಾಡಿಗೆಗೇ ಹೋಯಿತು. ಹೀಗಾಗುವುದಕ್ಕೆ ಯಾರ ಭವಿಷ್ಯವಾಣಿಯೂ ಬೇಕಿಲ್ಲ. ಅಂತರ ಸ್ವಲ್ಪ ಉಳಿದರೂ ಬ್ಯಾಂಕುಗಳೇ ಸಾಲ ತೆಗೆದು ಅದನ್ನು ಗೋರಿಕೊಂಡುಬಿಡುತ್ತವೆ. ಕೇನ್ಸ್ 1923ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾನೆ. ಅಡೆತಡೆ ಇಲ್ಲದ ಮಾರುಕಟ್ಟೆಗಳಲ್ಲಿ, ಮಾಮೂಲಿ ದಿನಗಳಲ್ಲಿ, ಈ ಕೊಡೆ ಹಿಡಿದ ಲೆಕ್ಕ ಬಹುಮಟ್ಟಿಗೆ ತಪ್ಪುವುದಿಲ್ಲ.

ತಪ್ಪುವುದು ಕೊಡೆ ಇಲ್ಲದ ಲೆಕ್ಕ. ಫಾರ್ವರ್ಡ್ ರೇಟು 87.45 ಎಂದು ಹೇಳುತ್ತದೆ ಸರಿ, ವರ್ಷದ ನಂತರ ಮಾರುಕಟ್ಟೆಯಲ್ಲಿ ಡಾಲರ್ ನಿಜವಾಗಿ ಅಲ್ಲಿಗೆ ಬರುತ್ತದೆಯೇ? ಸರಾಸರಿಯಲ್ಲಾದರೂ?

ಈ ಪ್ರಶ್ನೆಗೆ ಮೊದಮೊದಲು ಅಂಕಿ ಅಂಶ ಇಟ್ಟು ಉತ್ತರ ಹುಡುಕಿದವರಲ್ಲಿ ಅಮೆರಿಕದ ಅರ್ವಿಂಗ್ ಫಿಷರ್ ಒಬ್ಬ. 1896ರಲ್ಲಿ. ಅವನು ಪರೀಕ್ಷೆಗೆ ಆಯ್ದುಕೊಂಡ ಕರೆನ್ಸಿಗಳಲ್ಲಿ ಒಂದು ನಮ್ಮ ರೂಪಾಯಿಯೇ. ಆಗಿನ ಭಾರತ ಸರ್ಕಾರದ ಸಾಲಪತ್ರಗಳು ಲಂಡನ್ನಿನಲ್ಲಿ ಎರಡು ಬಗೆಯಲ್ಲಿ ಮಾರಾಟವಾಗುತ್ತಿದ್ದವು. ಒಂದಕ್ಕೆ ಚಿನ್ನದ ಲೆಕ್ಕದ ಪೌಂಡಿನಲ್ಲಿ ಬಡ್ಡಿ, ಇನ್ನೊಂದಕ್ಕೆ ಬೆಳ್ಳಿಯ ರೂಪಾಯಿಯಲ್ಲಿ. ಸಾಲಗಾರ ಒಬ್ಬನೇ, ಸಂತೆ ಒಂದೇ, ಕರೆನ್ಸಿ ಮಾತ್ರ ಬೇರೆ. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೆಂದರೂ ಸಿಗದು. ಬೆಳ್ಳಿಯ ಬೆಲೆ ಕುಸಿಯುತ್ತಿದ್ದ ಕಾಲ ಅದು. 1870ರ ದಶಕದ ಆರಂಭದಲ್ಲಿ ಸುಮಾರು 23 ಪೆನ್ಸ್ ಇದ್ದ ರೂಪಾಯಿ 1892ರ ಹೊತ್ತಿಗೆ 15 ಪೆನ್ಸಿನ ಸುತ್ತ ಬಂದಿತ್ತು. ಮರುವರ್ಷ ಸರ್ಕಾರ ಬೆಳ್ಳಿ ತಂದವರಿಗೆಲ್ಲ ನಾಣ್ಯ ಟಂಕಿಸಿಕೊಡುವುದನ್ನೇ ನಿಲ್ಲಿಸಿಬಿಟ್ಟಿತು. ಫಿಷರ್ ಕಂಡುಕೊಂಡದ್ದು ಇಷ್ಟು: ರೂಪಾಯಿ ಸಾಲಪತ್ರ ಹೆಚ್ಚು ಬಡ್ಡಿ ಕೊಡುತ್ತಿತ್ತು, ರೂಪಾಯಿ ಬೀಳುತ್ತಲೂ ಇತ್ತು. ತತ್ವದ ದಿಕ್ಕು ಸರಿ. ಆದರೆ ರೂಪಾಯಿ ಬಿದ್ದದ್ದು ಬಡ್ಡಿಯ ಅಂತರ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಸಾಹುಕಾರರು ಬೀಳುವುದನ್ನು ಊಹಿಸಿದ್ದರು, ಎಷ್ಟು ಎಂಬುದನ್ನು ಊಹಿಸಿರಲಿಲ್ಲ.

ಫಿಷರ್ ಕಂಡದ್ದು ಅಳತೆಯ ತಪ್ಪು. ಇಪ್ಪತ್ತನೇ ಶತಮಾನದ ಕೊನೆಗೆ ಎದುರಾದದ್ದು ದಿಕ್ಕಿನದೇ ತಪ್ಪು. 1970ರ ದಶಕದಲ್ಲಿ ದೊಡ್ಡ ದೇಶಗಳ ಕರೆನ್ಸಿಗಳು ಸ್ಥಿರ ದರ ಬಿಟ್ಟು ತೇಲಲು ಶುರುವಾದ ಮೇಲೆ ತಿಂಗಳು ತಿಂಗಳ ದಾಖಲೆ ಸಿಗುವಂತಾಯಿತು. 1984ರಲ್ಲಿ ಯೂಜೀನ್ ಫಾಮಾ ಡಾಲರಿಗೆ ಎದುರಾಗಿ ಒಂಬತ್ತು ಕರೆನ್ಸಿಗಳನ್ನು ಇಟ್ಟು ನೋಡಿದ. ತತ್ವ ನಿಜವಾಗಿದ್ದರೆ ಬಡ್ಡಿ ಅಂತರ ಶೇ 3 ಇದ್ದಾಗ ಕರೆನ್ಸಿ ಸರಾಸರಿ ಶೇ 3 ಬೀಳಬೇಕು. ಈ ಹೊಂದಿಕೆಗೆ 1 ಎಂದು ಅಂಕ ಕೊಡೋಣ. ಬಡ್ಡಿಗೂ ಬೀಳುವುದಕ್ಕೂ ಸಂಬಂಧವೇ ಇಲ್ಲದಿದ್ದರೆ ಅಂಕ ಸೊನ್ನೆ. ಫಾಮಾಗೆ ಸಿಕ್ಕಿದ್ದು ಸೊನ್ನೆಗಿಂತಲೂ ಕೆಳಗಿನ ಅಂಕ. ಅವನೊಬ್ಬನ ಲೆಕ್ಕ ಎಡವಿತೇನೋ ಅನ್ನುವಂತೆಯೂ ಇರಲಿಲ್ಲ. 1990ರಲ್ಲಿ ಕೆನೆತ್ ಫ್ರೂಟ್ ಮತ್ತು ರಿಚರ್ಡ್ ಥೇಲರ್ ಬರೆದ ಲೇಖನದಲ್ಲಿ, ಅಷ್ಟರಲ್ಲಿ ಪ್ರಕಟವಾಗಿದ್ದ ಸುಮಾರು 75 ಅಂದಾಜುಗಳ ಸರಾಸರಿ ಕೊಟ್ಟಿದ್ದಾರೆ: ಮೈನಸ್ 0.88. ಕೆಲವು ಸೊನ್ನೆಗಿಂತ ಮೇಲಿದ್ದವು, 1ನ್ನು ಮುಟ್ಟಿದ್ದು ಒಂದೂ ಇಲ್ಲ.

ಮೈನಸ್ 0.88 ಎಂದರೆ, ಬಡ್ಡಿ ಶೇ 3 ಹೆಚ್ಚಿದ್ದ ಕರೆನ್ಸಿ ಶೇ 3 ಬೀಳುವ ಬದಲು ಸರಾಸರಿ ಶೇ 2.6ರಷ್ಟು ಏರಿತು. ಬಡ್ಡಿಯೂ ಸಿಕ್ಕಿತು, ಮೇಲೊಂದು ಬೆಲ್ಲದಚ್ಚೂ ಸಿಕ್ಕಿತು. ಬಿಟ್ಟಿ ಅಂದವನು ನನ್ನ ಅಣ್ಣನ ಮಗ ಒಬ್ಬನೇ ಅಲ್ಲ ಎಂದಾಯಿತು.

ಇದು ಕಾಗದದ ಲೆಕ್ಕ. ಜನ ಇದನ್ನು ನಂಬಿ ದುಡ್ಡು ಹೂಡಿದಾಗ ಏನಾಯಿತು ಎಂಬುದನ್ನು ನೋಡುವುದಕ್ಕೆ ಜಪಾನಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

2002ರ ಜನವರಿ. ಟೋಕಿಯೋದ ಯಾವುದೋ ಮನೆಯ ಗೃಹಿಣಿಯ ಕೈಯಲ್ಲಿ ಹತ್ತು ಲಕ್ಷ ಯೆನ್ ಉಳಿತಾಯ ಇದೆ ಎಂದಿಟ್ಟುಕೊಳ್ಳಿ. ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ಸೊನ್ನೆಗೆ ತಂದು ಕೂರಿಸಿತ್ತು. ಆ ವರ್ಷ ಮಾಮೂಲಿ ಉಳಿತಾಯ ಖಾತೆಯ ಬಡ್ಡಿ ಶೇ 0.001ಕ್ಕೆ ಇಳಿಯಿತು. ಹತ್ತು ಲಕ್ಷಕ್ಕೆ ವರ್ಷವಿಡೀ ಸಿಗುವುದು ಹತ್ತು ಯೆನ್. ಹೊತ್ತು ಮೀರಿದ ಮೇಲೆ ಎಟಿಎಂನಿಂದ ಒಂದು ಸಲ ದುಡ್ಡು ತೆಗೆದರೆ 105 ಯೆನ್ ಶುಲ್ಕ. ಹತ್ತು ವರ್ಷದ ಬಡ್ಡಿ ಒಂದು ಗುಂಡಿ ಒತ್ತಿದ್ದಕ್ಕೆ ಸಮ. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕಿನ ದರ ಶೇ 4.25, ಮುಂದಿನ ವರ್ಷಗಳಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಶೇ 6.25ಕ್ಕೆ ಏರಿತು. ಯೆನ್ ಕೊಟ್ಟು ಆಸ್ಟ್ರೇಲಿಯನ್ ಡಾಲರ್ ಕೊಂಡು ಇಟ್ಟುಕೊಳ್ಳುವ ಆಸೆ ಯಾರಿಗೆ ಬರುವುದಿಲ್ಲ? ಬಡ್ಡಿ ಕಡಿಮೆ ಇರುವ ಕಡೆ ತೆಗೆದು ಹೆಚ್ಚಿರುವ ಕಡೆ ಇಡುವ ಈ ಕಸುಬಿಗೆ ಕ್ಯಾರಿ ಟ್ರೇಡ್ ಎನ್ನುತ್ತಾರೆ. ಈ ಕಸುಬಿಗಿಳಿದ ಜಪಾನಿನ ಮನೆಮಂದಿಗೆಲ್ಲ ಸೇರಿಸಿ ಪತ್ರಿಕೆಗಳು 'ಮಿಸೆಸ್ ವಟನಬೆ' ಎಂದು ಹೆಸರಿಟ್ಟವು. ನಮ್ಮಲ್ಲಿ 'ಗೌಡ್ರ ಹೆಂಡ್ತಿ' ಅಂದಷ್ಟು ಸಾಮಾನ್ಯ ಹೆಸರು ಅದು.

ಆಗ ಒಂದು ಆಸ್ಟ್ರೇಲಿಯನ್ ಡಾಲರ್‌ಗೆ ಸುಮಾರು 68 ಯೆನ್. ತತ್ವದ ಪ್ರಕಾರ ಏನಾಗಬೇಕಿತ್ತು? ಎರಡು ದೇಶಗಳ ಬಡ್ಡಿ ಅಂತರ ವರ್ಷಕ್ಕೆ ಸರಾಸರಿ ಶೇ 5ಕ್ಕಿಂತ ತುಸು ಹೆಚ್ಚು. ಐದೂವರೆ ವರ್ಷ ಅದೇ ಪ್ರಮಾಣದಲ್ಲಿ ಸವೆದಿದ್ದರೆ 2007ರ ಮಧ್ಯಕ್ಕೆ ಡಾಲರಿನ ಬೆಲೆ 51 ಯೆನ್ನಿನ ಆಸುಪಾಸಿಗೆ ಬಂದಿರಬೇಕು. 2007ರ ಜುಲೈನಲ್ಲಿ ನಿಜಕ್ಕೂ ಇದ್ದದ್ದು 105 ಯೆನ್ನಿಗೂ ಮೇಲೆ. ನಮ್ಮ ಗೃಹಿಣಿಯ ಹತ್ತು ಲಕ್ಷ, ಬಡ್ಡಿ ಚಕ್ರಬಡ್ಡಿ ಸೇರಿ, ವಿನಿಮಯದ ಏರಿಕೆಯೂ ಸೇರಿ, ಇಪ್ಪತ್ತು ಲಕ್ಷ ದಾಟಿತ್ತು. ಖಾತೆಯಲ್ಲೇ ಬಿಟ್ಟಿದ್ದ ಪಕ್ಕದ ಮನೆಯಾಕೆಗೆ ಸಿಕ್ಕಿದ್ದು ಐವತ್ತು ಅರವತ್ತು ಯೆನ್, ಕೊನೆಗೆ ಬಡ್ಡಿ ಸ್ವಲ್ಪ ಏರಿದ್ದಕ್ಕೆ ಇನ್ನೊಂದಿಷ್ಟು ಚಿಲ್ಲರೆ.

ಈ ಏರಿಕೆಗೆ ಒಂದು ಪಾಲು ಕಾರಣ ಆಸ್ಟ್ರೇಲಿಯಾದ ಕಬ್ಬಿಣದ ಅದಿರು, ಕಲ್ಲಿದ್ದಲಿಗೆ ಚೀನಾದಿಂದ ಬಂದ ಬೇಡಿಕೆ. ಇನ್ನೊಂದು ಪಾಲು ಕ್ಯಾರಿ ಟ್ರೇಡ್ ಮಾಡಿದವರೇ. ಪುಸ್ತಕದ ತರ್ಕದಲ್ಲಿ ದುಡ್ಡೆಲ್ಲ ಒಂದೇ ಬೆಳಗ್ಗೆ ಹರಿದು ಬಂದು, ಡಾಲರ್ ಒಮ್ಮೆಗೇ ದುಬಾರಿಯಾಗಿ, ಆಮೇಲೆ ಮೆಲ್ಲಗೆ ಇಳಿಯಬೇಕು. ನಿಜದಲ್ಲಿ ದುಡ್ಡು ಹಾಗೆ ಬರುವುದಿಲ್ಲ. ಈ ತಿಂಗಳು ಒಬ್ಬಾಕೆ ಕೊಳ್ಳುತ್ತಾಳೆ. ಅವಳ ಲಾಭ ನೋಡಿ ಮುಂದಿನ ತಿಂಗಳು ಅವಳ ತಂಗಿ. ಕೇಂದ್ರ ಬ್ಯಾಂಕುಗಳೂ ಬಡ್ಡಿಯನ್ನು ಒಂದೇ ಏಟಿಗೆ ಏರಿಸುವುದಿಲ್ಲ, ಕಾಲು ಕಾಲು ಪರ್ಸೆಂಟಾಗಿ ಏರಿಸುತ್ತವೆ. ಪ್ರತಿ ಕಾಲು ಪರ್ಸೆಂಟಿಗೂ ಒಂದಷ್ಟು ಹೊಸಬರು ಸೇರುತ್ತಾರೆ. ಬರುವವರ ಸಾಲು ಮುಗಿಯುವ ತನಕ ಬೆಲೆ ಏರುತ್ತಲೇ ಇರುತ್ತದೆ, ಇಳಿಯುವ ಪಾಳಿ ಮುಂದೆ ಮುಂದೆ ಹೋಗುತ್ತದೆ. ಎಷ್ಟು ದಿನ ಎಂದು ಯಾವ ಸೂತ್ರವೂ ಹೇಳುವುದಿಲ್ಲ.

2007ರ ಆಗಸ್ಟ್ ಮಧ್ಯದಲ್ಲಿ ನೆಲ ಸ್ವಲ್ಪ ನಡುಗಿತು. ಅಮೆರಿಕದ ಗೃಹಸಾಲದ ಕೊಳೆ ಹೊರಗೆ ಬರಲು ಶುರುವಾಗಿತ್ತು. ಆಸ್ಟ್ರೇಲಿಯನ್ ಡಾಲರ್ ಕೆಲವೇ ವಾರಗಳಲ್ಲಿ 90 ಯೆನ್ನಿಗೂ ಕೆಳಕ್ಕೆ ಬಿತ್ತು. ಹೆದರಿ ಮಾರಿದವರು ಪೆಚ್ಚಾದರು, ಏಕೆಂದರೆ ಶರತ್ಕಾಲಕ್ಕೆ ಅದು ಮತ್ತೆ 105ರ ಮೇಲೆ ಹೋಗಿ ಕೂತಿತು. ಈ ಒಂದು ಘಟನೆ ಮಾಡಿದ ಹಾನಿ ದೊಡ್ಡದು ಎಂದು ನನ್ನ ಅಭಿಪ್ರಾಯ. ಬಿದ್ದಾಗ ಕೊಂಡರೆ ಲಾಭ ಎಂಬ ಪಾಠವನ್ನು ಅದು ತಪ್ಪು ಹೊತ್ತಿನಲ್ಲಿ ಕಲಿಸಿತು.

2008ರ ಜುಲೈನಲ್ಲಿ ಆಸ್ಟ್ರೇಲಿಯಾದ ದರ ಶೇ 7.25, ಜಪಾನಿನದು ಶೇ 0.5, ಡಾಲರ್ 100 ಯೆನ್ನಿಗೂ ಮೇಲೆ. ಸೆಪ್ಟೆಂಬರ್ 15ಕ್ಕೆ ಲೀಮನ್ ಬ್ರದರ್ಸ್ ದಿವಾಳಿ ಎದ್ದಿತು. ಅಕ್ಟೋಬರ್ ಕೊನೆಯ ವಾರದಲ್ಲಿ ಆಸ್ಟ್ರೇಲಿಯನ್ ಡಾಲರ್ 60 ಯೆನ್ನಿಗಿಂತ ಕೆಳಗಿತ್ತು, ಒಂದು ಹಂತದಲ್ಲಿ 55ನ್ನು ಮುಟ್ಟಿ ಬಂತು. ಆರು ವರ್ಷ ಹತ್ತಿದ ಗುಡ್ಡವನ್ನು ಮೂರು ತಿಂಗಳಲ್ಲಿ ಉರುಳಿ ಇಳಿದಂತೆ.

ಅಷ್ಟು ವೇಗ ಏಕೆ ಎಂದರೆ ಬಹಳ ಮಂದಿ ಸ್ವಂತ ದುಡ್ಡಿನಲ್ಲಿ ಆಡಿರಲಿಲ್ಲ. ಜಪಾನಿನ ಆನ್‌ಲೈನ್ ದಲ್ಲಾಳಿಗಳ ಬಳಿ ಮಾರ್ಜಿನ್ ಕಟ್ಟಿ ಅದರ ಹತ್ತಾರು ಪಟ್ಟು, ಕೆಲವು ಕಡೆ ನೂರು ಪಟ್ಟಿನಷ್ಟು ಡಾಲರ್ ಕೊಳ್ಳಬಹುದಿತ್ತು. ಮಿತಿ ಇರಲಿಲ್ಲ. ಅಲ್ಲಿನ ಸರ್ಕಾರ 50 ಪಟ್ಟಿನ ಮಿತಿ ಹೇರಿದ್ದು 2010ರಲ್ಲಿ, 25 ಪಟ್ಟಿಗೆ ಇಳಿಸಿದ್ದು 2011ರಲ್ಲಿ. ಒಂದು ಲಕ್ಷ ಯೆನ್ ಕಟ್ಟಿ ಹತ್ತು ಲಕ್ಷದ ಡಾಲರ್ ಹಿಡಿದವಳನ್ನು ನೋಡಿ. ವರ್ಷಕ್ಕೆ ಶೇ 6 ಬಡ್ಡಿ ಅಂತರ ಅವಳ ಒಂದು ಲಕ್ಷಕ್ಕೆ ಶೇ 60 ಆಗಿ ಕಾಣುತ್ತದೆ. ಡಾಲರ್ ಶೇ 10 ಬಿದ್ದರೆ ಆ ಒಂದು ಲಕ್ಷ ಪೂರ್ತಿ ಖಾಲಿ. ದಲ್ಲಾಳಿ ಅಲ್ಲಿಯವರೆಗೆ ಕಾಯುವುದೂ ಇಲ್ಲ, ಅದಕ್ಕೆ ಮೊದಲೇ ಇನ್ನಷ್ಟು ಮಾರ್ಜಿನ್ ಕಟ್ಟಿ ಎನ್ನುತ್ತಾನೆ, ಕಟ್ಟದಿದ್ದರೆ ಕಂಪ್ಯೂಟರು ತಾನೇ ಡಾಲರ್ ಮಾರಿ ಯೆನ್ ಕೊಳ್ಳುತ್ತದೆ. ಆ ಮಾರಾಟದಿಂದ ಬೆಲೆ ಇನ್ನೊಂದಿಷ್ಟು ಬೀಳುತ್ತದೆ, ಪಕ್ಕದವಳ ಮಾರ್ಜಿನ್ ಮುಗಿಯುತ್ತದೆ, ಅವಳದ್ದೂ ಮಾರಾಟವಾಗುತ್ತದೆ. ಒಂದೇ ದಿನದಲ್ಲಿ ಶೇ 10 ಬಿದ್ದ ದಿನವೂ ಆ ಅಕ್ಟೋಬರಿನಲ್ಲಿ ಇತ್ತು. ರಾತ್ರಿ ಮಲಗುವಾಗ ಖಾತೆಯಲ್ಲಿ ದುಡ್ಡು ಇತ್ತು, ಬೆಳಗ್ಗೆ ಇರಲಿಲ್ಲ. ಬಡ್ಡಿ ಆಸೆಗೆ ಅಸಲೂ ಹೋಯಿತು ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಹಾಗಾದರೆ ತತ್ವ ಕೊನೆಗೂ ಗೆದ್ದಿತೇ? ಇಲ್ಲಿ ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡಬೇಕು. 2002ರ ಜನವರಿಯಿಂದ 2008ರ ಅಕ್ಟೋಬರ್ ತನಕ ಬಡ್ಡಿ ಅಂತರದ ಪ್ರಕಾರ ಡಾಲರ್ 47 ಯೆನ್ನಿಗೆ ಇಳಿದಿರಬೇಕಿತ್ತು. ಆ ಭೀಕರ ವಾರದಲ್ಲೂ ಅದು 55ಕ್ಕಿಂತ ಕೆಳಗೆ ಉಳಿಯಲಿಲ್ಲ. ಸಾಲ ಮಾಡದೆ, ಸ್ವಂತ ದುಡ್ಡಿನಲ್ಲಿ ಮೊದಲೇ ಕೊಂಡು ಕೂತಿದ್ದ ಗೃಹಿಣಿ 57 ಯೆನ್ನಿನ ರೇಟಿಗೆ ಮಾರಿದ್ದರೂ ಅವಳ ಹತ್ತು ಲಕ್ಷ ಹನ್ನೆರಡು ಲಕ್ಷ ಆಗಿರುತ್ತಿತ್ತು. 2007ರ ಜುಲೈನಲ್ಲಿ ಸೇರಿಕೊಂಡವಳಿಗೆ ಅದೇ ದಿನ ಹತ್ತು ಲಕ್ಷಕ್ಕೆ ಉಳಿದದ್ದು ಆರು ಲಕ್ಷಕ್ಕೂ ಕಡಿಮೆ. ಹತ್ತು ಪಟ್ಟು ಸಾಲದ ಮೇಲೆ ಆಡಿದವಳಿಗೆ ಏನೂ ಉಳಿಯಲಿಲ್ಲ. ಮೂವರೂ ಮಾಡಿದ್ದು ಒಂದೇ ವ್ಯಾಪಾರ.

ಈ ಮೂವರನ್ನು ಒಟ್ಟಿಗೆ ನೋಡಿದರೆ ಹೆಚ್ಚಿನ ಬಡ್ಡಿ ಎಂಬುದು ಏನು ಎಂಬ ಅನುಮಾನ ಬರುತ್ತದೆ. ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿ ಈಗ ಒಪ್ಪುವ ಉತ್ತರ, ಅದೊಂದು ಕೂಲಿ. ವಿಮೆ ಕಂಪನಿ ವರ್ಷಾವರ್ಷ ಪ್ರೀಮಿಯಂ ಎತ್ತುತ್ತದೆ. ಬೆಂಕಿ ಬೀಳದ ವರ್ಷಗಳಲ್ಲಿ ಅದೆಲ್ಲ ಬಿಟ್ಟಿ ಲಾಭದಂತೆಯೇ ಕಾಣುತ್ತದೆ. ಆಸ್ಟ್ರೇಲಿಯನ್ ಡಾಲರ್ ಹಿಡಿದವಳು ತನಗೇ ಗೊತ್ತಿಲ್ಲದೆ ಜಗತ್ತಿಗೆ ವಿಮೆ ಮಾರುತ್ತಿದ್ದಳು. ಅವಳ ನಷ್ಟ ಬಂದದ್ದು ಯಾವಾಗ ಎಂಬುದೇ ಇಲ್ಲಿಯ ತಿರುಳು. ಷೇರು ಬಿದ್ದ ತಿಂಗಳು, ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ತಿಂಗಳು, ಎಲ್ಲರಿಗೂ ನಗದು ಬೇಕಾಗಿದ್ದ ತಿಂಗಳು. ಇನ್ನೊಂದು ಕಡೆಯಿಂದ ತಡೆದುಕೊಳ್ಳಲು ಏನೂ ಇಲ್ಲದ ಹೊತ್ತಿನಲ್ಲೇ ಇದೂ ಹೋಗುತ್ತದೆ. ಹಾಗೆ ಹೋಗುವ ಸ್ವತ್ತನ್ನು ಸುಮ್ಮನೆ ಯಾರೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಲು ಏನಾದರೂ ಹೆಚ್ಚು ಕೊಡಬೇಕು. ಯೆನ್ ಇದರ ತದ್ವಿರುದ್ಧ. ಆಗ ಅದರ ಬಡ್ಡಿ ಬಹುತೇಕ ಸೊನ್ನೆ, ಆದರೆ ಊರಿಗೆ ಊರೇ ಮುಳುಗುವಾಗ ಏರುತ್ತದೆ. ಆ ಗುಣಕ್ಕಾಗಿ ಜನ ಬಡ್ಡಿಯನ್ನೇ ಬಿಟ್ಟುಕೊಡಲು ತಯಾರು.

ಈ ಉತ್ತರದ ಪಕ್ಕದಲ್ಲೇ ಇನ್ನೊಂದಿದೆ, ಮೆಕ್ಸಿಕೋದ್ದು. 1954ರಿಂದ ಅಲ್ಲಿನ ಪೆಸೊ ಡಾಲರಿಗೆ 12.50ರಂತೆ ಅಲುಗಾಡದೆ ನಿಂತಿತ್ತು. ಆದರೂ ಪೆಸೊ ಠೇವಣಿಗೆ ಡಾಲರಿಗಿಂತ ಹೆಚ್ಚು ಬಡ್ಡಿ. ಬೆಲೆ ಅಲುಗುತ್ತಲೇ ಇಲ್ಲ, ಬಡ್ಡಿ ಮಾತ್ರ ಹೆಚ್ಚು, ಮಾರುಕಟ್ಟೆಗೆ ತಲೆ ಕೆಟ್ಟಿದೆಯೇ ಎಂದು ಯಾರಿಗಾದರೂ ಅನ್ನಿಸಬೇಕು. 1976ರ ಆಗಸ್ಟ್ ಕೊನೆಯ ದಿನ ಸರ್ಕಾರ ಕೈ ಬಿಟ್ಟಿತು, ಪೆಸೊ ಕುಸಿಯಿತು. ಮಾರುಕಟ್ಟೆ ಅಷ್ಟೂ ವರ್ಷ ಹೆದರುತ್ತಿದ್ದದ್ದು ಒಂದು ದಿನಕ್ಕೆ. ಆ ದಿನ ಬರುವ ಮೊದಲೇ ದಾಖಲೆ ಕಟ್ಟಿ ಲೆಕ್ಕ ಹಾಕಿದ್ದರೆ ತತ್ವ ಸುಳ್ಳು ಎಂದೇ ಬರುತ್ತಿತ್ತು. ಇಂಥ ಅಪರೂಪದ ಪೆಟ್ಟು ಲೆಕ್ಕದ ಅವಧಿಯಲ್ಲಿ ಸೇರದೆ ಹೋಗುವುದನ್ನೇ ಈಗಲೂ 'ಪೆಸೊ ಸಮಸ್ಯೆ' ಎಂದು ಕರೆಯುತ್ತಾರೆ.

ಆದರೆ ಈ ಎರಡು ಉತ್ತರಗಳಿಂದ ಲೆಕ್ಕ ಪೂರ್ತಿ ಮುಗಿಯಿತು ಎಂದರೆ ಓದುಗರಿಗೆ ಮೋಸ ಮಾಡಿದಂತೆ. ಸಿಕ್ಕ ಲಾಭವನ್ನೆಲ್ಲ ಅಪಾಯದ ಕೂಲಿ ಎಂದು ತೋರಿಸಬೇಕಾದರೆ, ಹೂಡಿಕೆದಾರರು ಸಾಮಾನ್ಯ ಮನುಷ್ಯರಿಗಿಂತ ಬಹಳ ಪುಕ್ಕಲರು ಎಂದು ಇಟ್ಟುಕೊಳ್ಳಬೇಕಾಗುತ್ತದೆ. 2008ರ ಕುಸಿತವನ್ನು ಸೇರಿಸಿದ ಮೇಲೂ, ನಮ್ಮ ಮೊದಲ ಗೃಹಿಣಿಯಂತೆ, ಲಾಭ ಉಳಿದೇ ಇರುತ್ತದೆ. ಆ ಬಿಕ್ಕಟ್ಟಿನ ನಂತರದ ವರ್ಷಗಳ ದಾಖಲೆಯಲ್ಲಂತೂ ಹಲವು ಕರೆನ್ಸಿಗಳ ಅಂಕ ಮೈನಸ್ಸಿನಿಂದ ಪ್ಲಸ್ಸಿಗೆ ಜಿಗಿದಿದೆ. ಕರೆನ್ಸಿಗಳು ವರ್ಷಕ್ಕೆ ಶೇ 10ರಷ್ಟು ಅತ್ತಿತ್ತ ಹೊಯ್ದಾಡುವಾಗ ಶೇ 3ರ ಬಡ್ಡಿಯ ಗುರುತನ್ನು ಹುಡುಕುವುದು ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿದ ಹಾಗೆ.

ತತ್ವಕ್ಕೂ ಅದರದೇ ಆದ ಜಾಗ ಇದೆ. ಹಣದುಬ್ಬರ ಬೆಂಕಿಯಂತೆ ಏರಿದ ದೇಶಗಳಲ್ಲಿ ಅದು ಹೆಚ್ಚು ಸರಿಯಾಗಿ ಕೆಲಸ ಮಾಡುತ್ತದೆ. ಟರ್ಕಿಯನ್ನು ನೋಡಿ. 2013ರ ಆಸುಪಾಸಿನಲ್ಲಿ ಡಾಲರಿಗೆ ಎರಡು ಲಿರಾ ಇತ್ತು, 2023ರ ಕೊನೆಗೆ ಇಪ್ಪತ್ತೊಂಬತ್ತು. ಅಲ್ಲಿ ಹೆಚ್ಚಿನ ಬಡ್ಡಿ ಕೂಲಿಯಲ್ಲ, ಕರಗುತ್ತಿರುವ ನೋಟಿಗೆ ಕೊಡುವ ಪರಿಹಾರ, ಅದೂ ಸಾಲದ ಪರಿಹಾರ. ಐದು ಹತ್ತು ವರ್ಷಗಳ ದೀರ್ಘ ಅವಧಿಯ ಬಡ್ಡಿಯನ್ನಿಟ್ಟು ನೋಡಿದಾಗಲೂ ತತ್ವ ಕೈ ಕೊಡುವುದು ಕಡಿಮೆ. ತಿಂಗಳು, ವರ್ಷದ ಲೆಕ್ಕದಲ್ಲಿ, ಅದೂ ಹಣದುಬ್ಬರ ಹದದಲ್ಲಿರುವ ದೇಶಗಳ ನಡುವೆ, ಅದು ಹಾದಿ ತಪ್ಪುತ್ತದೆ.

ರೂಪಾಯಿ ಎಲ್ಲಿ ಬರುತ್ತದೆ? ನಡುವೆ ಎಲ್ಲೋ. 2007ರ ಆರಂಭದಲ್ಲಿ ಡಾಲರ್ 44 ರೂಪಾಯಿ, ವರ್ಷದ ಕೊನೆಗೆ 39 ಚಿಲ್ಲರೆ. ನಮ್ಮ ಬಡ್ಡಿ ಅಮೆರಿಕಕ್ಕಿಂತ ಹೆಚ್ಚಿತ್ತು, ಆದರೂ ರೂಪಾಯಿ ಏರಿತು. ಕಾಫಿ ರಫ್ತು ಮಾಡುವವರು, ತಿರುಪ್ಪೂರು ಬೆಂಗಳೂರಿನ ಗಾರ್ಮೆಂಟ್ಸ್‌ನವರು ಆ ವರ್ಷ ಪಟ್ಟ ಪಾಡು ನನಗೆ ನೆನಪಿದೆ. ಮುಂದೆ ಬರುವ ಡಾಲರನ್ನು ಮೊದಲೇ ಫಾರ್ವರ್ಡಿನಲ್ಲಿ ಮಾರಿದ್ದವರು ಪ್ರೀಮಿಯಮ್ಮೂ ಪಡೆದು ನೆಮ್ಮದಿಯಾಗಿದ್ದರು, ಇನ್ನೂ ಏರುತ್ತದೆ ಎಂದು ಕಾದವರು ಕೈ ಸುಟ್ಟುಕೊಂಡರು. 2013ರಲ್ಲಿ ಆದದ್ದು ಇದಕ್ಕೆ ಉಲ್ಟಾ. ಮೇ ತಿಂಗಳಿಂದ ಆಗಸ್ಟ್ ಕೊನೆಗೆ ಡಾಲರ್ 54ರ ಸುತ್ತಿನಿಂದ 68ರ ಮೇಲಕ್ಕೆ ಹಾರಿತು. ಎರಡು ಮೂರು ವರ್ಷದ ಬಡ್ಡಿ ಅಂತರ ನಾಲ್ಕು ತಿಂಗಳಲ್ಲಿ ಹೋಯಿತು. ದೂರದಿಂದ ನೋಡಿದರೆ, 2013ರ ಕೊನೆಗೆ ಸುಮಾರು 62 ಇದ್ದ ಡಾಲರ್ ಹತ್ತು ವರ್ಷದ ನಂತರ 83ರ ಸುತ್ತ. ವರ್ಷಕ್ಕೆ ಶೇ 3ರ ಸವೆತ. ಆ ಹತ್ತು ವರ್ಷದಲ್ಲಿ ಬಡ್ಡಿ ಅಂತರ ಬಹುಕಾಲ ಅದಕ್ಕಿಂತ ಹೆಚ್ಚೇ ಇತ್ತು. ರೂಪಾಯಿ ಬಿದ್ದಿತು, ಆದರೆ ತತ್ವ ಹೇಳಿದಷ್ಟು ಬೀಳಲಿಲ್ಲ. ಬಿದ್ದದ್ದೂ ಸಮನಾಗಿ ಅಲ್ಲ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ದಡಬಡ.

ಆ ದಡಬಡ ಬರುವುದು ಮೊದಲೇ ಗೊತ್ತಾಗುತ್ತದೆಯೇ ಎಂದು ಅಣ್ಣನ ಮಗ ಕೇಳಿದ. ದಿನಾಂಕ ಗೊತ್ತಾಗುವುದಿಲ್ಲ, ಒಣಹುಲ್ಲು ಎಷ್ಟು ಪೇರಿಸಿದೆ ಎಂಬುದು ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. 2024ರ ಬೇಸಿಗೆಯನ್ನು ಅವನಿಗೆ ನೆನಪಿಸಿದೆ. ಜುಲೈ ಆರಂಭದಲ್ಲಿ ಒಂದು ಅಮೆರಿಕನ್ ಡಾಲರ್‌ಗೆ 161 ಯೆನ್ ದಾಟಿತ್ತು. ಅಮೆರಿಕದ ಫ್ಯೂಚರ್ಸ್ ಮಾರುಕಟ್ಟೆಯ ನಿಯಂತ್ರಕರು ವಾರಕ್ಕೊಮ್ಮೆ ಹೊರಡಿಸುವ ವರದಿಯಲ್ಲಿ ಯೆನ್ ಬೀಳುತ್ತದೆ ಎಂದು ಪಣ ಕಟ್ಟಿದವರ ರಾಶಿ ಕಣ್ಣಿಗೆ ಹೊಡೆಯುವಷ್ಟು ದೊಡ್ಡದಾಗಿತ್ತು. ಎಲ್ಲರೂ ದೋಣಿಯ ಒಂದೇ ಬದಿಗೆ ಕೂತಿದ್ದರು. ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕು ದರವನ್ನು ಶೇ 0.25ಕ್ಕೆ ಏರಿಸಿತು. ಅಷ್ಟು ಚೂರು ಏರಿಕೆ. ಎರಡೇ ದಿನಕ್ಕೆ ಅಮೆರಿಕದಿಂದ ಉದ್ಯೋಗದ ಸಪ್ಪೆ ಅಂಕಿ ಬಂತು. ಆಗಸ್ಟ್ 5ರ ಸೋಮವಾರ ಡಾಲರ್ 142 ಯೆನ್ನಿನ ಬಳಿಗೆ ಇಳಿದಿತ್ತು, ಟೋಕಿಯೋದ ನಿಕೈ ಸೂಚ್ಯಂಕ ಒಂದೇ ದಿನ ಶೇ 12ಕ್ಕೂ ಹೆಚ್ಚು ಬಿತ್ತು. ಮರುದಿನ ನಿಕೈ ಶೇ 10ರಷ್ಟು ಎದ್ದು ಬಂದಿತು ಎಂಬುದನ್ನೂ ಹೇಳಬೇಕು. ಆದರೆ ಸೋಮವಾರವೇ ಮಾರ್ಜಿನ್ ಮುಗಿದವನಿಗೆ ಮಂಗಳವಾರ ಎಂಬುದೇ ಇಲ್ಲ.

"ಅಂದ್ರೆ ಕಳಿಸ್ಬೇಡ ಅಂತೀರಾ?"

"ನಾನೆಲ್ಲಿ ಹಾಗಂದೆ? ಸಾಲ ಮಾಡಿ ಕಳಿಸ್ತಿದೀಯಾ?"

"ಇಲ್ಲ ಚಿಕ್ಕಪ್ಪ, ನಂದೇ ದುಡ್ಡು."

"ಯಾವಾಗ ಬೇಕು, ಎಲ್ಲಿ ಖರ್ಚು ಮಾಡ್ತೀಯ?"

ಅವನು ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಶಿವಮೊಗ್ಗದಲ್ಲಿ ಒಂದು ಸೈಟು ನೋಡಿದ್ದೇನೆ, ಇನ್ನೆರಡು ವರ್ಷದಲ್ಲಿ ನೋಂದಣಿ, ಅಪ್ಪನಿಗೆ ಇನ್ನೂ ಹೇಳಿಲ್ಲ ಎಂದ. ಹಾಗಿದ್ದರೆ ಲೆಕ್ಕವೇ ಬೇರೆ. ರೂಪಾಯಿಯಲ್ಲೇ ಖರ್ಚಾಗುವ ದುಡ್ಡನ್ನು ರೂಪಾಯಿಯಲ್ಲಿ ಇಟ್ಟರೆ, ಡಾಲರ್ 90 ಆದರೂ 80 ಆದರೂ ಅವನ ಸೈಟಿನ ದುಡ್ಡಿಗೆ ಏನೂ ಆಗುವುದಿಲ್ಲ. ಅವನ ಮಟ್ಟಿಗೆ ಕೊಡೆ ಇಲ್ಲದೆ ನಿಂತಿರುವುದು ಅಮೆರಿಕದ ಬ್ಯಾಂಕಿನಲ್ಲಿರುವ ಡಾಲರು. ಅದೇ ದುಡ್ಡು ಮಗಳ ಕಾಲೇಜಿಗೆ ಅಲ್ಲೇ ಬೇಕಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ವಾರ ಬಿಟ್ಟು ಮೆಸೇಜು ಕಳಿಸಿದ. ಆರು ಸಾವಿರ ಕಳಿಸಿದ್ದಾನೆ, ನಾಲ್ಕು ಸಾವಿರ ಅಲ್ಲೇ ಇದೆ. ಆರು ಏಕೆ, ನಾಲ್ಕು ಏಕೆ ಎಂದು ನಾನು ಕೇಳಲಿಲ್ಲ. ಸೈಟಿನ ವಿಷಯ ಅಣ್ಣನಿಗೆ ನಾನೂ ಇನ್ನೂ ಹೇಳಿಲ್ಲ.